ಪಿಜಿಯಿಂದ ಮಗಳು ಬರುತ್ತಿದ್ದಾಳೆ, ಬ್ಯಾಗಿನ ಜೊತೆ ತಿಗಣೆ ಮನೆಯೊಳಗೆ ಬರದ ಹಾಗೆ ಏನು ಮಾಡಲಿ?

ತುಂಗಾತೀರ

ಮಗಳು ಬೆಂಗಳೂರಿನ ಒಂದು ಪಿಜಿಯಲ್ಲಿದ್ದಾಳೆ. ಪಕ್ಕದ ಮಂಚದ ಹುಡುಗಿಯ ಹಾಸಿಗೆಯಲ್ಲಿ ತಿಗಣೆ ಸಿಕ್ಕಿದೆಯಂತೆ. ಇವಳ ಕೈ ಮೇಲೂ ಕೆಂಪು ದದ್ದು ಎದ್ದಿದೆ, ಆದರೆ ಇವಳ ಮಂಚದಲ್ಲಿ ಇನ್ನೂ ಏನೂ ಕಂಡಿಲ್ಲ. ದೀಪಾವಳಿಗೆ ಶಿವಮೊಗ್ಗಕ್ಕೆ ಬರುತ್ತಾಳೆ. ಒಂದು ಟ್ರಾಲಿ ಬ್ಯಾಗ್, ಒಂದು ಬೆನ್ನಿನ ಬ್ಯಾಗ್, ಒಂದಷ್ಟು ಪುಸ್ತಕ, ಜೊತೆಗೆ ಎಥ್ನಿಕ್ ಡೇಗೆ ಅಂತ ಒಯ್ದಿದ್ದ ಅವಳ ಅಜ್ಜಿಯ ರೇಷ್ಮೆ ಸೀರೆ.

ಇಂಟರ್ನೆಟ್‌ನಲ್ಲಿ ನೋಡಿದರೆ ಎಲ್ಲರೂ ಡ್ರೈಯರ್‌ಗೆ ಹಾಕಿ, ಡ್ರೈಯರ್‌ಗೆ ಹಾಕಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಡ್ರೈಯರ್ ಎಲ್ಲಿಂದ ಬರಬೇಕು? ಇರುವುದು ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್, ಅದರಲ್ಲಿ ಹೀಟರ್ ಇಲ್ಲ. ಒಂದು ಬಾಗಿಲಿನ ಫ್ರಿಜ್ ಇದೆ, ಇಸ್ತ್ರಿ ಪೆಟ್ಟಿಗೆ ಇದೆ. ಹಿಂದೆ ಬಚ್ಚಲಲ್ಲಿ ಹಂಡೆ ಒಲೆ ಈಗಲೂ ಉರಿಯುತ್ತದೆ. ಇಷ್ಟರಲ್ಲೇ ಏನಾದರೂ ಆಗುತ್ತದೆಯಾ? ಮಗಳನ್ನು ಬರಬೇಡ ಅನ್ನುವುದಕ್ಕೆ ಆಗುವುದಿಲ್ಲ, ಹಬ್ಬ.

ಟಾಮಿಯಮ್ಮ

ಅಯ್ಯೋ ನಮ್ಮ ಟಾಮಿಗೂ ಇದೇ ಆಗಿತ್ತು ಅಕ್ಕ! ಕಿವಿ ಹಿಂದೆ ಗುಂಪು ಗುಂಪಾಗಿ ಇದ್ದವು. ಡಾಕ್ಟರ್ ಕತ್ತಿನ ಮೇಲೆ ಹಾಕುವ ಡ್ರಾಪ್ಸ್ ಕೊಟ್ಟರು, ಒಂದು ವಾರದಲ್ಲಿ ಎಲ್ಲ ಉದುರಿ ಹೋದವು. ಆಮೇಲೆ ಮಂಚಕ್ಕೂ ಅದನ್ನೇ ಹಚ್ಚಬಹುದಾ ಅಂತ ಕೇಳಬೇಕು ಅಂದುಕೊಂಡಿದ್ದೆ.

ಮೈಸೂರ್_ಸ್ಪ್ರೇ

ಅದು ಉಣ್ಣೆ ಮೇಡಂ, ತಿಗಣೆ ಅಲ್ಲ. ಉಣ್ಣೆ ನಾಯಿಯ ಮೈ ಮೇಲೇ ಕಚ್ಚಿಕೊಂಡು ಇರುತ್ತದೆ. ತಿಗಣೆ ಮೈ ಮೇಲೆ ವಾಸ ಮಾಡುವುದಿಲ್ಲ, ರಾತ್ರಿ ಬಂದು ರಕ್ತ ಕುಡಿದು ಮತ್ತೆ ಸಂದಿಗೆ ಹೋಗಿ ಅಡಗುತ್ತದೆ. ಮಂಚಕ್ಕೆ ಆ ಡ್ರಾಪ್ಸ್ ದಯವಿಟ್ಟು ಹಚ್ಚಬೇಡಿ.

ತುಂಗಾತೀರ ಅವರಿಗೆ: ನಾನು ಪೆಸ್ಟ್ ಕಂಟ್ರೋಲ್ ಕೆಲಸ ಮಾಡುತ್ತೇನೆ, ಹಾಸ್ಟೆಲ್ ಲಾಡ್ಜ್ ಕಡೆ ಜಾಸ್ತಿ. ನಿಮ್ಮ ಮನೆಯಲ್ಲಿ ಹಂಡೆ ಇದೆ ಅಂದಿರಲ್ಲ, ಅರ್ಧ ಕೆಲಸ ಆದ ಹಾಗೆ. ತಿಗಣೆ ಸಾಯುವುದು ಬಿಸಿಗೆ. ಸೋಪಿಗಲ್ಲ, ಡೆಟಾಲಿಗಲ್ಲ, ನುಸಿ ಗುಳಿಗೆಗಂತೂ ಅಲ್ಲವೇ ಅಲ್ಲ. ದೊಡ್ಡ ಹುಳ 48 ಡಿಗ್ರಿಯಲ್ಲಿ ಸುಮಾರು 20 ನಿಮಿಷಕ್ಕೆ ಸಾಯುತ್ತದೆ. ಮೊಟ್ಟೆ ಗಟ್ಟಿ. ಅದೇ 48ರಲ್ಲಿ ಮೊಟ್ಟೆಗೆ ಒಂದು ಗಂಟೆಗಿಂತ ಜಾಸ್ತಿ ಬೇಕು, 55 ದಾಟಿದರೆ ಮಾತ್ರ ಬೇಗ ಹೋಗುತ್ತದೆ. ಅದಕ್ಕೇ ಬಟ್ಟೆಗೆ 60 ಡಿಗ್ರಿ ಅಂತ ಹೇಳುವುದು. ನಿಮ್ಮ ಮೆಷಿನ್‌ನಲ್ಲಿ ತಣ್ಣೀರಲ್ಲಿ ಒಗೆದರೆ ಓಡಾಡುವ ಹುಳ ಒಂದಷ್ಟು ಸಾಯಬಹುದು, ಆದರೆ ಮೊಟ್ಟೆ ಹೊಲಿಗೆಗೆ ಅಂಟಿಕೊಂಡಿರುತ್ತದೆ, ಹೊರಗೆ ಬರುವುದಿಲ್ಲ. ಬಟ್ಟೆ ಒಣಗಿ, ಮಡಚಿ, ಬೀರುವಿನಲ್ಲಿ ಇಟ್ಟ ಮೇಲೆ ಮರಿ ಹೊರಗೆ ಬರುತ್ತದೆ.

ಸಂಜೆ ಡ್ಯೂಟಿ ಮುಗಿಸಿ ವಿವರವಾಗಿ ಬರೆಯುತ್ತೇನೆ.

ಬಿಸಿಲೂರ

ಇಷ್ಟೆಲ್ಲ ಯಾಕ್ರೀ? ನಮ್ಮ ಕಲಬುರಗಿ ಕಡೆ ಹಾಸಿಗೆ, ಹೊರಸು ಎಲ್ಲ ಬಿಸಿಲಿಗೆ ಹಾಕಿ ಬಿಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯುವುದಿಲ್ಲ. ಬ್ಯಾಗನ್ನು ಮಾಳಿಗೆ ಮೇಲೆ ಎರಡು ದಿನ ಇಡಿ, ಮುಗಿಯಿತು.

ಶಾರದತ್ತೆ

ಬಿಸಿಲೂರ ಹೇಳಿದ್ದು ಸರಿ. ನಮ್ಮ ಅಮ್ಮ ಮರದ ಮಂಚವನ್ನು ಅಂಗಳಕ್ಕೆ ಎಳೆದು, ಕುದಿಯುವ ನೀರನ್ನು ಸಂದಿಗೆಲ್ಲ ಹೊಯ್ಯುತ್ತಿದ್ದರು. ಆಮೇಲೆ ಮಂಚದ ಕಾಲಿಗೆ ನೀರಿನ ಬಟ್ಟಲು. ಬೇವಿನ ಸೊಪ್ಪು ಹಾಸಿಗೆ ಕೆಳಗೆ. ಆಗಿನ ಟಾಕೀಸಿನ ಕುರ್ಚಿಯಲ್ಲಿ ಕೂತು ಬಂದ ದಿನ ಸೀರೆ ಒಳಗೆ ತರುವುದಕ್ಕೇ ಬಿಡುತ್ತಿರಲಿಲ್ಲ, ಬಚ್ಚಲಲ್ಲೇ ಬಿಚ್ಚಿಡಬೇಕು.

ಮೈಸೂರ್_ಸ್ಪ್ರೇ

ಶಾರದತ್ತೆ, ನಿಮ್ಮ ಅಮ್ಮ ಕುದಿಯುವ ನೀರು ಹೊಯ್ದದ್ದು, ಸೀರೆ ಬಚ್ಚಲಲ್ಲೇ ಬಿಚ್ಚಿಸಿದ್ದು, ಎರಡೂ ನೂರಕ್ಕೆ ನೂರು ಸರಿ. ಬೇವಿನ ಸೊಪ್ಪಿನಿಂದ ಏನೂ ಆಗುವುದಿಲ್ಲ. ನೀರಿನ ಬಟ್ಟಲು ಅರ್ಧ ಕೆಲಸ ಮಾಡುತ್ತದೆ. ಮಂಚ ಗೋಡೆಗೆ ತಾಗಿದ್ದರೆ ಅಥವಾ ಹೊದಿಕೆ ನೆಲಕ್ಕೆ ಇಳಿಬಿದ್ದಿದ್ದರೆ ಆ ಕಡೆಯಿಂದ ಹತ್ತುತ್ತದೆ. ಆನ್‌ಲೈನ್‌ನಲ್ಲಿ ಮಂಚದ ಕಾಲಿಗೆ ಇಡುವ ಪ್ಲಾಸ್ಟಿಕ್ ಟ್ರ್ಯಾಪ್ ಸಿಗುತ್ತದೆ ನೋಡಿ, ಅದನ್ನು ಮಾಡಿದ್ದು ಚಳಿ ದೇಶದ ತಿಗಣೆಗೆ. ನಮ್ಮ ಕಡೆ ಸಿಗುವ ಜಾತಿ ನುಣುಪಾದ ಪ್ಲಾಸ್ಟಿಕ್ ಮೇಲೂ ಚೆನ್ನಾಗಿ ಹತ್ತುತ್ತದೆ. ಟ್ರ್ಯಾಪ್ ಖಾಲಿ ಇದೆ ಅಂತ ಮನೆಯಲ್ಲಿ ತಿಗಣೆ ಇಲ್ಲ ಅಂದುಕೊಳ್ಳಬೇಡಿ.

ಬಿಸಿಲೂರ ಅವರೇ, ಏಪ್ರಿಲ್‌ನಲ್ಲಿ ಕಲಬುರಗಿ ಮಾಳಿಗೆ ಬೇರೆ, ದೀಪಾವಳಿಗೆ ಶಿವಮೊಗ್ಗ ಬೇರೆ. ಅದೂ ಅಲ್ಲದೆ ತಿಗಣೆ ಸುಮ್ನೆ ಬಿಸಿಲಲ್ಲಿ ಕೂತು ಸಾಯುವುದಿಲ್ಲ, ನೆರಳಿರುವ ಕಡೆಗೆ ನಡೆಯುತ್ತದೆ. ಬ್ಯಾಗಿನ ಮೇಲ್ಮೈ ಮುಟ್ಟಿದರೆ ಕೈ ಸುಡುತ್ತದೆ, ಒಳಗೆ ಬಟ್ಟೆಯ ಮಧ್ಯೆ 35 ಇರುತ್ತದೆ. ನಿಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ ಅಂದಿರಲ್ಲ, ಬಹಳಷ್ಟು ಸತ್ತಿರಬಹುದು, ಉಳಿದವು ಹೊರಸಿನಿಂದ ಇಳಿದು ಬೇರೆ ಕಡೆ ಹೋಗಿರಬಹುದು.

ಬಿಸಿಲೂರ

ಕಪ್ಪು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಇಟ್ಟರೆ? ಅದರಿಂದ ಇಳಿದು ಹೋಗುವುದಕ್ಕೆ ಆಗುವುದಿಲ್ಲವಲ್ಲ.

ಮೈಸೂರ್_ಸ್ಪ್ರೇ

ಅದು ಒಳ್ಳೆ ಮಾತು. ತೆಳ್ಳಗೆ ಹರಡಿ, ಸುಡುವ ಕಾಂಕ್ರೀಟ್ ಮೇಲೆ, ಮಧ್ಯೆ ಒಂದು ಥರ್ಮಾಮೀಟರ್ ಇಟ್ಟು, ಅದು 50ರ ಮೇಲೆ ಕೆಲವು ಗಂಟೆ ನಿಂತರೆ ಒಪ್ಪುತ್ತೇನೆ. ಥರ್ಮಾಮೀಟರ್ ಇಲ್ಲದಿದ್ದರೆ ಅದು ಬರೀ ನಂಬಿಕೆ. ಜ್ವರದ ಥರ್ಮಾಮೀಟರ್ ಆಗುವುದಿಲ್ಲ, ಅದು 42–43ಕ್ಕೆ ನಿಲ್ಲುತ್ತದೆ. ಅಡುಗೆಗೆ ಬಳಸುವ ಕಡ್ಡಿ ಥರದ್ದು ಬೇಕು.

ನೇರನುಡಿ

ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಮಗಳು ಬರುವ ಹಿಂದಿನ ದಿನ ಮನೆಗೆಲ್ಲ ಒಂದು ಸಲ ಸ್ಪ್ರೇ ಹೊಡೆಸಿ. ಬಂದ ಮೇಲೆ ಬ್ಯಾಗಿಗೂ ಹೊಡೆಯಿರಿ. ಅಂಗಡಿಯಲ್ಲಿ ಕೆಂಪು ಡಬ್ಬಿ ಸಿಗುತ್ತದೆ. ಇಲ್ಲದಿದ್ದರೆ ಅಕ್ಕಿ ಮೂಟೆಗೆ ಇಡುವ ಮಾತ್ರೆ, ಒಂದೆರಡು ಬ್ಯಾಗಿನಲ್ಲಿ ಹಾಕಿ ಕಟ್ಟಿದರೆ ಏನೂ ಉಳಿಯುವುದಿಲ್ಲ.

ಮೈಸೂರ್_ಸ್ಪ್ರೇ

ಆ ಮಾತ್ರೆ ಮಾತ್ರ ಬೇಡ. ಯಾರೂ ಮಾಡಬೇಡಿ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ತಕ್ಷಣ ಫಾಸ್ಫೀನ್ ಅನಿಲ ಬಿಡುತ್ತದೆ. ಮನೆಯೊಳಗೆ ಇಟ್ಟು ಮಲಗಿದವರು ಸತ್ತಿದ್ದಾರೆ, ಮಕ್ಕಳೂ ಸತ್ತಿದ್ದಾರೆ. ಅದಕ್ಕೆ ಮದ್ದು ಅಂತ ಇಲ್ಲ. ಗೋದಾಮಿನಲ್ಲಿ ತರಬೇತಿ ಇರುವವರು ಬಳಸುವ ವಸ್ತು ಅದು.

ಇನ್ನು ಕೆಲವರು ಈಗಲೂ ಡೈಕ್ಲೋರ್‌ವಾಸ್ ಕೊಡಿ ಅಂತ ಕೇಳಿಕೊಂಡು ಬರುತ್ತಾರೆ. ಅದರ ಬಳಕೆ 2020ರ ಕೊನೆಗೆ ನಮ್ಮ ದೇಶದಲ್ಲಿ ನಿಂತಿದೆ.

ಕೆಂಪು ಡಬ್ಬಿ ಸ್ಪ್ರೇ ವಿಷಯ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಔಷಧಿಗೆ ತಿಗಣೆ ಪ್ರಪಂಚದ ಎಲ್ಲ ಕಡೆ ಒಗ್ಗಿಕೊಂಡಿದೆ. ನೇರವಾಗಿ ಮೈ ಮೇಲೆ ಬಿದ್ದರೆ ಕೆಲವು ಸಾಯುತ್ತವೆ. ಉಳಿದವು ಚದುರಿ ಬೇರೆ ಕೋಣೆಗೆ ಹೋಗುತ್ತವೆ. ಒಂದು ಮಂಚದಲ್ಲಿದ್ದದ್ದನ್ನು ಇಡೀ ಮನೆಗೆ ಹಂಚಿದ ಹಾಗೆ. ಹುಳ ಬರುವ ಮೊದಲೇ ಮನೆಗೆ ಸ್ಪ್ರೇ ಹೊಡೆಸುವುದರಿಂದ ನಮ್ಮಂಥವರಿಗೆ ದುಡ್ಡು ಆಗುತ್ತದೆ, ನಿಮಗೆ ಏನೂ ಆಗುವುದಿಲ್ಲ. ನನ್ನ ಹೊಟ್ಟೆಪಾಡಿನ ಮಾತನ್ನೇ ನಾನು ಹೀಗೆ ಹೇಳುತ್ತಿದ್ದೇನೆ, ನಂಬಿ.

ನೇರನುಡಿ

ಸರಿ ಮಾತ್ರೆ ಬೇಡ, ಒಪ್ಪಿದೆ. ಸ್ಪ್ರೇ ವಿಷಯ ಒಪ್ಪುವುದಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿ ಹೊಡೆಸಿದ ಮೇಲೆಯೇ ಹೋದದ್ದು.

ಮೈಸೂರ್_ಸ್ಪ್ರೇ

ಹೊಡೆದವರು ಮಂಚ ಬಿಚ್ಚಿ, ಸಂದಿ ಸಂದಿಗೆ ಹೊಡೆದು, ಎರಡು ವಾರ ಬಿಟ್ಟು ಮತ್ತೆ ಬಂದಿದ್ದರಾ? ಹಾಗಿದ್ದರೆ ಹೋಗಿರುತ್ತದೆ. ನಾನು ಬೇಡ ಅಂದದ್ದು ಡಬ್ಬಿ ಸ್ಪ್ರೇ ಮತ್ತು ಮುಂಜಾಗ್ರತೆ ಸ್ಪ್ರೇ.

ಮೈಸೂರ್_ಸ್ಪ್ರೇ

ಈಗ ತುಂಗಾತೀರ ಅವರ ವಿಷಯಕ್ಕೆ. ಸ್ವಲ್ಪ ಉದ್ದ ಆಗುತ್ತದೆ.

ಕೆಲಸ ಶುರುವಾಗುವುದು ಶಿವಮೊಗ್ಗದಲ್ಲಲ್ಲ, ಪಿಜಿಯಲ್ಲೇ. ಮಗಳಿಗೆ ದಪ್ಪ ಪಾಲಿಥಿನ್ ಕವರ್ ತಂದುಕೊಳ್ಳಲು ಹೇಳಿ. ಪ್ಯಾಕ್ ಮಾಡುವಾಗಲೇ ಬಟ್ಟೆಯನ್ನು ಮೂರು ಗುಂಪು ಮಾಡಲಿ: ಬಿಸಿನೀರಿಗೆ ಹಾಕಬಹುದಾದದ್ದು, ಇಸ್ತ್ರಿ ಮಾತ್ರ ಸಾಧ್ಯ ಇರುವುದು, ಎರಡೂ ಆಗದ್ದು. ಪ್ರತಿ ಗುಂಪೂ ಬೇರೆ ಬೇರೆ ಕವರ್, ಬಾಯಿ ತಿರುಚಿ ಗಂಟು. ಮಡಚಿಟ್ಟ ಬಟ್ಟೆ ಕ್ಲೀನ್ ಇದೆ ಅಂತ ಹೊರಗೆ ಬಿಡುವ ಹಾಗಿಲ್ಲ. ಅಗತ್ಯ ಇಲ್ಲದ್ದನ್ನು ಅಲ್ಲೇ ಬಿಡಲಿ. ದಿಂಬು, ಹಾಸಿಗೆ ಬೇಡವೇ ಬೇಡ. ಕೊನೆಗೆ ಟ್ರಾಲಿ ಬ್ಯಾಗನ್ನೇ ಒಂದು ದೊಡ್ಡ ಕವರ್‌ಗೆ ಇಳಿಸಿ ಕಟ್ಟಿದರೆ ಬಸ್ಸಿನ ಡಿಕ್ಕಿಯಲ್ಲಿ ಪಕ್ಕದವರ ಬ್ಯಾಗಿಗೂ ಹೋಗುವುದಿಲ್ಲ.

ಮನೆಗೆ ಬಂದ ಕೂಡಲೇ ನೇರ ಬಚ್ಚಲು. ನಡುಮನೆ ಸೋಫಾ ಮೇಲೆ ಬ್ಯಾಗ್ ಇಟ್ಟು, ಕಾಫಿ ಕುಡಿದು ಆಮೇಲೆ ಅಂತ ಬೇಡ. ಮೈ ಮೇಲಿನ ಬಟ್ಟೆಯನ್ನೂ ಅಲ್ಲೇ ಬಿಚ್ಚಿ ಅದೇ ಬಕೆಟ್‌ಗೆ.

ನೀರಿನ ಲೆಕ್ಕ ಹೀಗೆ. ಹಂಡೆಯಲ್ಲಿ ನೀರು ಕೊತಕೊತ ಕುದಿಯಲಿ. ಮೂರು ಪಾಲು ಕುದಿಯುವ ನೀರು, ಎರಡು ಪಾಲು ತಣ್ಣೀರು. ಅದು ಹತ್ತಿರ ಹತ್ತಿರ 68 ಡಿಗ್ರಿ ಆಗುತ್ತದೆ. ದೊಡ್ಡ ಪ್ಲಾಸ್ಟಿಕ್ ಬಕೆಟ್‌ನಲ್ಲಿ 15 ಲೀಟರ್ ನೀರಿಗೆ ಎರಡು ಮೂರು ಕೆಜಿ ಒಣ ಬಟ್ಟೆ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಅಷ್ಟೆ. ಎಲ್ಲರೂ ಎಡವುವುದು ಇನ್ನೊಂದು ಕಡೆ. ಬಟ್ಟೆಯೊಳಗೆ ಗಾಳಿ ಸೇರಿ ಗುಳ್ಳೆ ಥರ ಮೇಲೆ ತೇಲುತ್ತದೆ. ನೀರಿನ ಮೇಲೆ ಉಳಿದ ಭಾಗ ಬಿಸಿಯಾಗುವುದೇ ಇಲ್ಲ. ಕೋಲಿನಿಂದ ಒತ್ತಿ ಮುಳುಗಿಸಿ, ಮೇಲೆ ಒಂದು ತಟ್ಟೆ, ತಟ್ಟೆ ಮೇಲೆ ಕಲ್ಲು. ಬಕೆಟ್‌ಗೆ ಹಳೆ ಗೋಣಿ ಸುತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಮೆಷಿನ್‌ಗೆ ಹಾಕಿ ಮಾಮೂಲಿ ಥರ ಒಗೆಯಿರಿ. ಕೈ ಹಾಕಬೇಡಿ, 60 ಡಿಗ್ರಿ ನೀರು ಕೈ ಸುಡುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ಬೇರೆ ಬಕೆಟ್‌ಗೆ ಹಾಕಿ.

ಗೀಸರ್ ಇರುವವರು ಒಂದು ಸಲ ಅಳೆದು ನೋಡಿ. ಟ್ಯಾಂಕ್ ಇರುವ ಗೀಸರ್ ಸಾಮಾನ್ಯವಾಗಿ 60 ದಾಟುತ್ತದೆ. ಪುಟ್ಟ ಇನ್‌ಸ್ಟಂಟ್ ಗೀಸರ್‌ನಲ್ಲಿ ಬಹಳ ಸಲ 50ಕ್ಕೂ ಬರುವುದಿಲ್ಲ.

ತುಂಗಾತೀರ

ತುಂಬ ಧನ್ಯವಾದ ಸರ್. ಕುದಿಯುವ ನೀರನ್ನೇ ನೇರ ಹೊಯ್ದರೆ ಆಗುವುದಿಲ್ಲವಾ? ಲೆಕ್ಕ ಯಾಕೆ? ಮತ್ತೆ ಟ್ರಾಲಿ ಬ್ಯಾಗ್ ಏನು ಮಾಡಲಿ?

ಮೈಸೂರ್_ಸ್ಪ್ರೇ

ಹಳೆ ಹತ್ತಿ ಬಟ್ಟೆಗೆ ಹೊಯ್ಯಿರಿ, ಏನೂ ತೊಂದರೆ ಇಲ್ಲ. ಹುಡುಗಿಯರ ಲೆಗ್ಗಿಂಗ್ಸ್, ಎಲಾಸ್ಟಿಕ್ ಇರುವುದು, ಸಿಂಥೆಟಿಕ್ ಟಾಪ್, ಇವೆಲ್ಲ ಕುದಿಯುವ ನೀರಿಗೆ ಹಾಳಾಗುತ್ತವೆ. ಅದಕ್ಕೆ ಲೆಕ್ಕ.

ಟ್ರಾಲಿ ಬ್ಯಾಗ್‌ನಲ್ಲಿ ಜನ ಹೊರಗಡೆ ನೋಡಿ ಸುಮ್ಮನಾಗುತ್ತಾರೆ. ಬೆಳ್ಳಗಿರುವ ಹಳೆ ಪಂಚೆ ನೆಲಕ್ಕೆ ಹಾಸಿ, ಬ್ಯಾಗ್ ಅದರ ಮೇಲೆ ಇಡಿ, ಟಾರ್ಚ್ ಹಿಡಿಯಿರಿ. ಒಳಗಿನ ಲೈನಿಂಗ್ ಬಟ್ಟೆಗೆ ಒಂದು ಜಿಪ್ ಇರುತ್ತದೆ, ಬಹಳ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಅದನ್ನು ತೆಗೆದರೆ ಹ್ಯಾಂಡಲ್‌ನ ಕಂಬಿ, ಚಕ್ರದ ಸ್ಕ್ರೂ ಕಾಣುತ್ತವೆ. ಕೂರುವುದು ಅಲ್ಲೇ. ಹಳೆ ಎಟಿಎಂ ಕಾರ್ಡ್‌ನ ಅಂಚನ್ನು ಹೊಲಿಗೆಯ ಉದ್ದಕ್ಕೂ ಎಳೆಯಿರಿ, ಒಳಗಿದ್ದದ್ದು ಹೊರಗೆ ಬರುತ್ತದೆ. ದೊಡ್ಡದು ಐದು ಮಿಲಿಮೀಟರ್ ಇರುತ್ತದೆ, ಚಪ್ಪಟೆ, ಕಂದು ಕೆಂಪು. ಮರಿ ಬಿಳಿಚಿಕೊಂಡಿರುತ್ತದೆ, ಕಣ್ಣಿಗೆ ಬೇಗ ಬೀಳುವುದಿಲ್ಲ. ಮೊಟ್ಟೆ ಒಂದು ಮಿಲಿಮೀಟರ್, ಬಿಳಿ. ಹುಳಕ್ಕಿಂತ ಸುಲಭವಾಗಿ ಕಾಣುವುದು ಅದರ ಹಿಕ್ಕೆ. ಶಾಯಿ ಪೆನ್ನಿನಿಂದ ಚುಕ್ಕಿ ಇಟ್ಟ ಹಾಗೆ ಕಪ್ಪಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದಾಗಿ ಹರಡುತ್ತದೆ. ಹರಡದಿದ್ದರೆ ಅದು ಬೇರೆ ಯಾವುದೋ ಕೊಳೆ.

ಬಟ್ಟೆ ಇಸ್ತ್ರಿಗೆ ಬಳಸುವ ಸ್ಟೀಮರ್ ಯಾರ ಹತ್ತಿರವಾದರೂ ಇದ್ದರೆ ತನ್ನಿ. ಹೊಲಿಗೆಗೆ ತಾಗಿಸಿಕೊಂಡು ನಿಧಾನವಾಗಿ ಎಳೆಯಬೇಕು, ಒಂದು ಅಡಿಗೆ ಅರ್ಧ ನಿಮಿಷ. ಜೋರಾಗಿ ಊದಿದರೆ ಹುಳ ಸಾಯುವ ಬದಲು ಹಾರಿ ಬೀಳುತ್ತದೆ. ಆಮೇಲೆ ಬ್ಯಾಗನ್ನು ದಪ್ಪ ಕವರ್‌ನಲ್ಲಿ ಕಟ್ಟಿ ಹಿತ್ತಲ ಕಡೆ ಇಡಿ. ಅಟ್ಟಕ್ಕೆ ಬೇಡ. ಒಂದು ವಾರ ಹಸಿದರೆ ಸಾಯುತ್ತದೆ ಅಂದುಕೊಳ್ಳಬೇಡಿ, ನಮ್ಮ ಸೆಖೆಯಲ್ಲೂ ದೊಡ್ಡ ಹುಳ ರಕ್ತ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ.

ಮ್ಯೂನಿಕ್_ಇಳಾ

ನಾನು ಇಲ್ಲಿ ಸ್ಟೂಡೆಂಟ್ ಹಾಸ್ಟೆಲ್‌ನಲ್ಲಿದ್ದಾಗ ರಜೆಗೆ ಸುತ್ತಾಡಿ ಬಂದವರ ಜೊತೆ ಒಮ್ಮೆ ತಿಗಣೆ ಬಂದಿತ್ತು. 2023ರಲ್ಲಿ ಪ್ಯಾರಿಸ್‌ನಲ್ಲಿ ಗಲಾಟೆ ಆದ ಮೇಲಂತೂ ಇಲ್ಲಿ ಎಲ್ಲರಿಗೂ ಭಯ. ಡ್ರೈಯರ್ ಇರುವವರಿಗೆ ಒಂದು ಮಾತು: ಬಟ್ಟೆಯನ್ನು ಮೊದಲು ಒಗೆಯಬೇಡಿ, ಒಣ ಬಟ್ಟೆಯನ್ನೇ ನೇರ ಡ್ರೈಯರ್‌ಗೆ ಹಾಕಿ. ಒದ್ದೆ ಬಟ್ಟೆ ಹಾಕಿದರೆ ಮೊದಲರ್ಧ ಹೊತ್ತು ನೀರು ಆರಿಸುವುದರಲ್ಲೇ ಹೋಗುತ್ತದೆ, ಬಟ್ಟೆ ಬಿಸಿಯಾಗುವುದಿಲ್ಲ. ಜಾಸ್ತಿ ಬಿಸಿ ಇರುವ ಸೆಟ್ಟಿಂಗ್, ಅರ್ಧ ಗಂಟೆ, ಮೆಷಿನ್ ಅರ್ಧ ಮಾತ್ರ ತುಂಬಿ. ಕಿಕ್ಕಿರಿದು ತುಂಬಿದರೆ ಮಧ್ಯದ ಮುದ್ದೆ ತಣ್ಣಗೇ ಉಳಿಯುತ್ತದೆ. ಒಗೆಯುವುದು ಆಮೇಲೆ, ಬೇಕಿದ್ದರೆ.

ಮುಂದಿನಿಂದ ಬಟ್ಟೆ ಹಾಕುವ ಮೆಷಿನ್‌ನಲ್ಲಿ 60 ಅಂತ ಇದ್ದರೆ ಅದೂ ಸಾಕು. 40ರಲ್ಲಿ ಮೊಟ್ಟೆ ಬಹಳಷ್ಟು ಉಳಿಯುತ್ತದೆ.

ಬೆನ್ನಚೀಲ

ನಾನು ಹಂಪಿ, ಗೋಕರ್ಣ, ವರ್ಕಲಾ ಅಂತ ಡಾರ್ಮಿಟರಿಗಳಲ್ಲೇ ಉಳಿಯುವವನು. ತರದೇ ಇರುವುದೇ ಸುಲಭ ಅಲ್ವಾ? ರೂಮಿಗೆ ಹೋದ ತಕ್ಷಣ ಬ್ಯಾಗ್ ಬಾತ್‌ರೂಮಿನಲ್ಲಿ ಇಟ್ಟು ಆಮೇಲೆ ಮಂಚ ನೋಡುತ್ತೇನೆ. ಹಾಸಿಗೆಯ ತಲೆ ಕಡೆಯ ಎರಡು ಮೂಲೆ ಎತ್ತಿ ಅಂಚಿನ ಹೊಲಿಗೆ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಒಂದರ ಮೇಲೊಂದು ಇರುವ ಕಬ್ಬಿಣದ ಮಂಚ ಆದರೆ ಪೈಪಿನ ತುದಿ, ಪ್ಲೈವುಡ್ ಹಲಗೆ ಕೂರುವ ಕಂಬಿ. ಮೇಲಿನ ಮಂಚದ ಹಲಗೆಯ ಅಡಿ, ಅಂದರೆ ಕೆಳಗೆ ಮಲಗಿದರೆ ಕಣ್ಣಿಗೆ ನೇರ ಕಾಣುವ ಜಾಗ, ಅಲ್ಲಿ ಕಪ್ಪು ಚುಕ್ಕಿ ಇದ್ದರೆ ರೂಮ್ ಬೇಡ ಅನ್ನುತ್ತೇನೆ.

ಇನ್ನೊಂದು, ಹಾಕಿ ಬಿಚ್ಚಿದ ಬಟ್ಟೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2017ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, ಒಗೆದ ಬಟ್ಟೆಯ ಚೀಲಕ್ಕಿಂತ ಬೆವರಿನ ಬಟ್ಟೆಯ ಚೀಲಕ್ಕೆ ಎರಡರಷ್ಟು ತಿಗಣೆ ಸೇರುತ್ತವೆ. ಮನುಷ್ಯನ ವಾಸನೆ ಇದೆಯಲ್ಲ. ಅದಕ್ಕೆ ನಾನು ಕೊಳೆ ಬಟ್ಟೆಯನ್ನು ಮಂಚದ ಪಕ್ಕ ರಾಶಿ ಹಾಕದೆ ಜಿಪ್ ಕವರ್‌ನಲ್ಲಿ ಮುಚ್ಚಿಡುತ್ತೇನೆ.

ಎಂಟನೇಮಹಡಿ

ನಮ್ಮ ಕಥೆ ಕೇಳಿ. ನಾವು ಎಲ್ಲಿಗೂ ಹೋಗಿಲ್ಲ, ಯಾರೂ ಬಂದಿಲ್ಲ, ಆದರೂ ಕಚ್ಚುತ್ತದೆ. ಹಾಸಿಗೆ ಬಿಸಾಕಿದೆವು, ಹೊಸದು ತಂದೆವು, ಮತ್ತೆ ಕಚ್ಚುತ್ತದೆ. ಕಪ್ಪು ಚುಕ್ಕಿ ಇಲ್ಲ, ಹುಳ ಇಲ್ಲ. ಯಜಮಾನರಿಗೆ ಏನೂ ಇಲ್ಲ, ನನಗೆ ಮಾತ್ರ. ಇವರು ನಿನ್ನ ಭ್ರಮೆ ಅನ್ನುತ್ತಾರೆ.

ಮೈಸೂರ್_ಸ್ಪ್ರೇ

ಮೇಡಂ, ಭ್ರಮೆ ಅನ್ನಬೇಡಿ ಅಂತ ಹೇಳಿ ಅವರಿಗೆ. ತಿಗಣೆ ಕಚ್ಚಿದರೂ ಕೆಲವರಿಗೆ ಗುರುತೇ ಬರುವುದಿಲ್ಲ, ಕೆಲವರಿಗೆ ಹಲವು ದಿನ ಬಿಟ್ಟು ಬರುತ್ತದೆ. ದದ್ದು ನೋಡಿ ಯಾವ ಹುಳ ಅಂತ ನಾನೂ ಹೇಳಲಾರೆ, ಮೂರು ಸಾಲಾಗಿದ್ದರೆ ತಿಗಣೆ ಅನ್ನುವುದೆಲ್ಲ ನಂಬಬೇಡಿ. ಆದರೆ ಎಂಟನೇ ಮಹಡಿ ಅಂದಿರಿ. ಎಸಿ ಹಿಂದೆ ಅಥವಾ ಬಾಲ್ಕನಿಯಲ್ಲಿ ಪಾರಿವಾಳದ ಗೂಡು ಇದೆಯಾ ನೋಡಿ. ಮರಿ ಹಾರಿ ಹೋದ ಮೇಲೆ ಗೂಡಿನ ನುಸಿ ಕಿಟಕಿಯಿಂದ ಒಳಗೆ ಬಂದು ಕಚ್ಚುತ್ತದೆ. ಅದು ಧೂಳಿನ ಕಣದಷ್ಟು ಚಿಕ್ಕದು.

ಎಂಟನೇಮಹಡಿ

ಗೂಡು ಇದೆ!! ಎಸಿ ಹೊರಗಿನ ಡಬ್ಬಿ ಹಿಂದೆ. ಖಾಲಿ ಇದೆ ಅಂತ ಬಿಟ್ಟಿದ್ದೆವು. ಹಾಸಿಗೆ ದುಡ್ಡು ಹೋಯಿತಲ್ಲ.

ತುಂಗಾತೀರ

ನನ್ನ ಸೀರೆ ಮರೆತುಬಿಟ್ಟಿರಿ ಎಲ್ಲರೂ. ಅಂಗಡಿಯವರಿಗೆ ಇಸ್ತ್ರಿಗೆ ಕೊಡಲಾ, ಡ್ರೈ ಕ್ಲೀನ್ ಮಾಡಿಸಲಾ, ಫ್ರೀಜರ್‌ನಲ್ಲಿ ಇಡಲಾ? ಯಾರೋ ಫ್ರೀಜರ್ ಅಂದರು.

ಮ್ಯೂನಿಕ್_ಇಳಾ

ಫ್ರೀಜರ್ ಕೆಲಸ ಮಾಡುತ್ತದೆ. ಮೈನಸ್ 18ರಲ್ಲಿ ನಾಲ್ಕು ದಿನ. ನಾನು ಉಣ್ಣೆಯ ಕೋಟು ಹಾಗೇ ಇಟ್ಟಿದ್ದೆ.

ಮೈಸೂರ್_ಸ್ಪ್ರೇ

ಇಳಾ ಅವರ ಫ್ರೀಜರ್ ಸರಿ, ತುಂಗಾತೀರ ಅವರದ್ದು ಸರಿಯಲ್ಲ. ಒಂದು ಬಾಗಿಲಿನ ಫ್ರಿಜ್‌ನ ಐಸ್ ಡಬ್ಬಿ ಎಷ್ಟೋ ಸಲ ಮೈನಸ್ 18 ಮುಟ್ಟುವುದೇ ಇಲ್ಲ, ಅದೂ ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಮನೆಯಲ್ಲಿ. ಅರ್ಧ ಚಳಿಗೆ ತಿಗಣೆ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ.

ಸೀರೆಗೆ ಇಸ್ತ್ರಿಯೇ ಸಾಕು. ಸೀರೆ ಅಂದರೆ ಒಂದೇ ಪದರ. ಅಡಗುವುದಕ್ಕೆ ಅದರಲ್ಲಿ ಜಾಗ ಎರಡೇ, ಕೆಳಗೆ ಹೊಲಿದ ಫಾಲ್ ಮತ್ತು ಸೆರಗಿನ ಕುಚ್ಚು. ಬಚ್ಚಲಲ್ಲೇ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ರೇಷ್ಮೆ ಸೆಟ್ಟಿಂಗ್‌ನಲ್ಲಿ ನಿಧಾನವಾಗಿ ಎರಡೂ ಕಡೆ ಇಸ್ತ್ರಿ ಮಾಡಿ. ಫಾಲ್ ಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ರೇಷ್ಮೆ ಸೆಟ್ಟಿಂಗ್ ಕೂಡ ತಿಗಣೆಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಬಿಸಿ. ರವಿಕೆ ಬೇರೆ ವಿಷಯ, ಅದರಲ್ಲಿ ಲೈನಿಂಗ್, ಹುಕ್ ಪಟ್ಟಿ, ಒಳ ಹೊಲಿಗೆ ಎಲ್ಲ ಇರುತ್ತದೆ. ರವಿಕೆಯನ್ನು ಡ್ರೈ ಕ್ಲೀನ್‌ಗೆ ಕೊಡಿ. ಕಟ್ಟಿದ ಕವರ್‌ನಲ್ಲೇ ಕೊಟ್ಟು, ಹೀಗೆ ಹೀಗೆ ಅಂತ ಹೇಳಿ.

ನೇರನುಡಿ

ಹೇಳಿದರೆ ಯಾರು ತೆಗೆದುಕೊಳ್ಳುತ್ತಾರೆ? ಸುಮ್ನೆ ಕೊಡಿ.

ಶಾರದತ್ತೆ

ಹೇಳದೆ ಕೊಡುವುದು ಸರಿಯಲ್ಲಪ್ಪ. ಇಸ್ತ್ರಿಯವನ ಗಾಡಿಯಲ್ಲಿ ಇಡೀ ಬೀದಿಯವರ ಬಟ್ಟೆ ಇರುತ್ತದೆ.

ನೇರನುಡಿ

ಅತ್ತೆ, ಪಿಜಿ ಓನರ್ ಹೇಳಿದರಾ ಇವರ ಮಗಳಿಗೆ? ಯಾರೂ ಯಾರಿಗೂ ಹೇಳುವುದಿಲ್ಲ. ಹೇಳಿದವರಿಗೇ ಕೆಟ್ಟ ಹೆಸರು.

ಬೆನ್ನಚೀಲ

ಅದು ನಿಜ ಸಹ. ನಾನು ಒಮ್ಮೆ ಒಂದು ಹಾಸ್ಟೆಲ್‌ನಲ್ಲಿ ಹೇಳಿದ್ದಕ್ಕೆ ನಿಮ್ಮ ಬ್ಯಾಗಿನಿಂದಲೇ ಬಂದಿರಬೇಕು ಅಂತ ಜಗಳಕ್ಕೆ ಬಂದರು. ಆದರೂ ರವಿಕೆ ವಿಷಯದಲ್ಲಿ ನಾನು ಅತ್ತೆ ಕಡೆ.

ತುಂಗಾತೀರ

ಮಗಳು ಬಂದಳು. ಏನಾಯಿತು ಅಂತ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಬೆಳಗಿನ ಜಾವ ಬಸ್ಸಿಳಿದು ಬಂದವಳನ್ನು ನೇರ ಬಚ್ಚಲಿಗೆ ಕಳಿಸಿದೆ, ಬೈದುಕೊಂಡೇ ಹೋದಳು. ತಂಗಿ ಮನೆಯಿಂದ ಅಡುಗೆ ಥರ್ಮಾಮೀಟರ್ ತಂದಿದ್ದೆ, ಅವಳು ಕೇಕ್ ಮಾಡುತ್ತಾಳೆ. ಮೂರಕ್ಕೆ ಎರಡು ಲೆಕ್ಕದಲ್ಲಿ ಬೆರೆಸಿದ ನೀರು 66 ತೋರಿಸಿತು, ನಮ್ಮ ಹಂಡೆ ಪೂರ್ತಿ ಕುದಿದಿರಲಿಲ್ಲ ಅನಿಸುತ್ತದೆ. ಬಟ್ಟೆ ಹಾಕಿದ ಮೇಲೆ 63. ಗೋಣಿ ಸುತ್ತಿ ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿದರೆ 57. ಜೀನ್ಸ್ ಮಾತ್ರ ಎಷ್ಟು ಒತ್ತಿದರೂ ಮೇಲೆ ಬರುತ್ತಿತ್ತು, ಅದಕ್ಕೆ ರುಬ್ಬುಗುಂಡನ್ನೇ ಇಟ್ಟೆ. ಒಂದು ಕೆಂಪು ಕುರ್ತಾ ಬಣ್ಣ ಬಿಟ್ಟು ಅವಳ ಎರಡು ಬಿಳಿ ಟಾಪ್ ಗುಲಾಬಿ ಆದವು. ಅದನ್ನು ಬೇರೆ ಹಾಕು ಅಂತ ಅವಳಿಗೆ ಹೇಳಿದ್ದೆ.

ಟ್ರಾಲಿ ಬ್ಯಾಗ್‌ನ ಹೊರಗೆ ಏನೂ ಇರಲಿಲ್ಲ. ಲೈನಿಂಗ್ ಜಿಪ್ ತೆಗೆದರೆ ಎಡಗಡೆ ಚಕ್ರದ ಹತ್ತಿರ ಎರಡು ಜೀವಂತ ಇದ್ದವು. ಪಕ್ಕದಲ್ಲಿ ಒಣಗಿದ ಪೊರೆ, ಕಪ್ಪು ಚುಕ್ಕಿ. ಒದ್ದೆ ಬಟ್ಟೆಗೆ ಕಂದಾಗಿ ಹರಡಿತು. ಮೈಸೂರ್_ಸ್ಪ್ರೇ ಅವರು ಹೇಳದಿದ್ದರೆ ಆ ಜಿಪ್ ನಾವು ತೆಗೆಯುತ್ತಲೇ ಇರಲಿಲ್ಲ. ಸ್ಟೀಮರ್ ಸಿಗಲಿಲ್ಲ, ಹಂಡೆಯ ನೀರನ್ನೇ ಚೆಂಬಿನಿಂದ ಚಕ್ರದ ಕಡೆ ನಿಧಾನವಾಗಿ ಹೊಯ್ದೆವು. ಬ್ಯಾಗಿನ ರಟ್ಟು ಸ್ವಲ್ಪ ಉಬ್ಬಿತು. ಈಗ ಕವರ್ ಕಟ್ಟಿ ಕೊಟ್ಟಿಗೆಯಲ್ಲಿದೆ. ಸೀರೆಯಲ್ಲಿ ಏನೂ ಕಾಣಲಿಲ್ಲ, ಇಸ್ತ್ರಿ ಆಯಿತು.

ಎರಡು ಪ್ರಶ್ನೆ ಉಳಿದಿವೆ. ಪುಸ್ತಕ ಮತ್ತು ಲ್ಯಾಪ್‌ಟಾಪ್ ಏನು ಮಾಡಲಿ? ಇನ್ನು ಎಷ್ಟು ದಿನ ಕಾಯಬೇಕು?

ಮೈಸೂರ್_ಸ್ಪ್ರೇ

ಚೆನ್ನಾಗಿ ಮಾಡಿದ್ದೀರಿ. ಲ್ಯಾಪ್‌ಟಾಪ್‌ಗೆ ಬಿಸಿ, ಚಳಿ, ಔಷಧಿ ಯಾವುದೂ ಬೇಡ. ಅದರೊಳಗೆ ಸೇರುವುದು ಕಡಿಮೆ. ಅದರ ಚೀಲ ನೋಡಿ, ಅಪಾಯ ಇರುವುದು ಚೀಲದಲ್ಲಿ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡದೆ ಮೇಜಿನ ಮೇಲೆ ಬಳಸಲಿ. ಪುಸ್ತಕದ ಬೆನ್ನಿನ ಕಡೆ ಟಾರ್ಚ್ ಬಿಟ್ಟು ನೋಡಿ, ದಪ್ಪ ರಟ್ಟಿನ ಪುಸ್ತಕದಲ್ಲಿ ಜಾಸ್ತಿ ಹುಡುಕಿ. ಡೀಪ್ ಫ್ರೀಜರ್ ಇರುವ ನೆಂಟರಿದ್ದರೆ ಕವರ್ ಕಟ್ಟಿ ನಾಲ್ಕು ದಿನ ಇಡಬಹುದು. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ, ಪುಸ್ತಕ ಒದ್ದೆಯಾಗುತ್ತದೆ. ಇಲ್ಲದಿದ್ದರೆ ಹಬ್ಬಕ್ಕೆ ಓದುವುದು ಅಷ್ಟರಲ್ಲೇ ಇದೆ, ಕಟ್ಟಿದ ಕವರ್‌ನಲ್ಲೇ ವಾಪಸ್ ಕಳಿಸಿ.

ಕಾಯುವುದು ಎರಡು ತಿಂಗಳು. ಮೊಟ್ಟೆ ಇದ್ದರೆ ವಾರ, ಹತ್ತು ದಿನದಲ್ಲಿ ಒಡೆಯುತ್ತದೆ, ಆ ಮರಿ ದೊಡ್ಡದಾಗಿ ಮೊಟ್ಟೆ ಇಡುವುದಕ್ಕೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಬೇಕು. ಮಗಳು ಮಲಗಿದ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಬಿಳಿ ಹೊದಿಕೆ ಹಾಸಿ, ವಾರಕ್ಕೊಮ್ಮೆ ಹಾಸಿಗೆಯ ಹೊಲಿಗೆ, ಮಂಚದ ಸ್ಕ್ರೂ ತೂತು ನೋಡಿ. ಮಗಳು ಹೋದ ಮೇಲೆ ಆ ಮಂಚ ಖಾಲಿ ಬಿಡಬೇಡಿ. ಮನುಷ್ಯ ಇಲ್ಲದಿದ್ದರೆ ಅದು ಹಸಿದು ಬೇರೆ ಕೋಣೆಗೆ ಹುಡುಕಿಕೊಂಡು ಹೋಗುತ್ತದೆ, ಯಾರಾದರೂ ಅಲ್ಲೇ ಮಲಗಿ.

ಬಿಸಿಲೂರ

ಯಾರಾದರೂ ಅಂದರೆ ಅವರ ಯಜಮಾನರೇ ಮಲಗಬೇಕು 😀

ತುಂಗಾತೀರ

ಅವರು ಆಗಲೇ ನಡುಮನೆಗೆ ಚಾಪೆ ಒಯ್ದಿದ್ದಾರೆ. ಅಂದ ಹಾಗೆ ಮೈಸೂರ್_ಸ್ಪ್ರೇ ಅವರೇ, ಮಗಳು ರಜೆ ಮುಗಿಸಿ ಅದೇ ಪಿಜಿಗೆ ಹೋಗುತ್ತಾಳಲ್ಲ. ಓನರ್ ಅವಳ ಕೋಣೆಗೆ ಮಾತ್ರ ಸ್ಪ್ರೇ ಹೊಡೆಸಿದ್ದಾರಂತೆ, ಪಕ್ಕದ ಕೋಣೆಗಳಿಗೆ ಇಲ್ಲ. ಅದು ಸಾಕಾ?

ಮೈಸೂರ್_ಸ್ಪ್ರೇ

ಸಾಲುವುದಿಲ್ಲ. ಅಕ್ಕಪಕ್ಕದ, ಮೇಲಿನ, ಕೆಳಗಿನ ಕೋಣೆ ನೋಡಲೇಬೇಕು, ಗೋಡೆಯ ವೈರ್ ಪೈಪಿನಿಂದಲೇ ದಾಟುತ್ತದೆ. ಯಾವ ಔಷಧಿ, ಯಾವತ್ತು ಹೊಡೆದರು, ಎರಡನೇ ಸಲ ಯಾವಾಗ ಅಂತ ಓನರ್ ಹತ್ತಿರ ಬರೆಸಿಕೊಳ್ಳಲಿ. ಹೊಡೆದವರು ಎಷ್ಟು ಗಂಟೆ ಒಳಗೆ ಹೋಗಬೇಡಿ ಅಂದಿದ್ದಾರೋ ಅಷ್ಟು ಬಿಟ್ಟು, ಕಿಟಕಿ ತೆಗೆದು ಗಾಳಿ ಆಡಿದ ಮೇಲೆಯೇ ಒಳಗೆ ಹೋಗಲಿ. ವಾಸನೆ ಇದ್ದರೆ ಆ ರಾತ್ರಿ ಗೆಳತಿಯ ಮನೆಯಲ್ಲಿ ಮಲಗಲಿ, ಬ್ಯಾಗ್ ಕವರ್‌ನಲ್ಲೇ ಇರಲಿ.